ಎತ್ತರದ ಕಟ್ಟಡಗಳ ನಡುವೆ ಫೋನಿನ ಜಿಪಿಎಸ್ ರಸ್ತೆಯ ಆಚೆ ಬದಿಗೆ ಜಾರುವುದೇಕೆ: ದೋಷ ಪತ್ತೆ ಮತ್ತು ನಿವಾರಣೆ

ದೋಷದ ಲಕ್ಷಣ

ಬಯಲಿನಲ್ಲಿ ಸರಿಯಾಗಿಯೇ ಸ್ಥಳ ತೋರಿಸುವ ಫೋನು, ಎರಡೂ ಬದಿಗೆ ಎಂಟು ಹತ್ತು ಮಹಡಿಯ ಕಟ್ಟಡಗಳಿರುವ ರಸ್ತೆಗೆ ಬಂದ ಮೇಲೆ ನಕ್ಷೆಯ ನೀಲಿ ಚುಕ್ಕಿಯನ್ನು ಎದುರಿನ ಫುಟ್‌ಪಾತಿಗೋ ಹಿಂದಿನ ರಸ್ತೆಗೋ ಒಯ್ದು ಇಡುತ್ತದೆ. ನಾವು ನಿಂತಲ್ಲೇ ನಿಂತಿದ್ದರೂ ಚುಕ್ಕಿ ಮೆಲ್ಲಗೆ ಜಾರಬಹುದು, ಇದ್ದಕ್ಕಿದ್ದಂತೆ ಹಾರಬಹುದು, ಅಥವಾ ತಪ್ಪು ಜಾಗದಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬಹುದು. ಈ ಮೂರನೆಯ ಬಗೆಯೇ ಹೆಚ್ಚು ಮೋಸದ್ದು, ಏಕೆಂದರೆ ಅಲುಗಾಡದ ಚುಕ್ಕಿಯನ್ನು ಬಹುತೇಕರು ಸರಿಯಾದ ಚುಕ್ಕಿ ಎಂದೇ ನಂಬುತ್ತಾರೆ.

ಕಟ್ಟಡಗಳು ಅಡ್ಡ ಬಂದು ಸಿಗ್ನಲ್ ದುರ್ಬಲವಾಗುತ್ತದೆ, ಆದ್ದರಿಂದ ಜಿಪಿಎಸ್ ತಪ್ಪುತ್ತದೆ ಎಂಬ ವಿವರಣೆ ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ಅರ್ಧ ಮಾತ್ರ ಸರಿ. ಸಿಗ್ನಲ್ ಬಾರದೇ ಹೋದ ಉಪಗ್ರಹವನ್ನು ಫೋನು ಲೆಕ್ಕದಿಂದ ಕೈಬಿಡುತ್ತದೆ. ಉಳಿದವುಗಳಿಂದ ಕೆಲಸ ಸಾಗಿಸುತ್ತದೆ. ನಿಜವಾದ ಹಾನಿ ಆಗುವುದು ನೇರವಾಗಿ ಬರಲಾಗದ ಸಿಗ್ನಲ್ ಎದುರಿನ ಗೋಡೆಗೆ ಬಡಿದು, ಸುತ್ತು ದಾರಿಯಿಂದ ಬಂದು, ಫೋನಿಗೆ ನೇರವಾಗಿ ಬಂದಂತೆಯೇ ಕಾಣಿಸಿದಾಗ. ಈ ವ್ಯತ್ಯಾಸ ತಿಳಿದಿದ್ದರೆ ಯಾವ ಉಪಾಯ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ಊಹಿಸುವುದು ಸುಲಭ.

ಮೂವತ್ತು ಮೀಟರಿನ ಲೆಕ್ಕ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದು ಉಪಗ್ರಹದ ಸಿಗ್ನಲ್ ಹೊರಟ ಸಮಯವನ್ನೂ ಬಂದು ತಲುಪಿದ ಸಮಯವನ್ನೂ ಹೋಲಿಸಿ ಫೋನು ಅದರ ದೂರವನ್ನು ಕಂಡುಕೊಳ್ಳುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ಫೋನಿನ ಅಗ್ಗದ ಗಡಿಯಾರದ ತಪ್ಪನ್ನೂ ಬಿಡಿಸಬೇಕಾಗುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಇಲ್ಲಿ ಅಳೆಯುತ್ತಿರುವುದು ಸಮಯವನ್ನು. ಸಿಗ್ನಲ್ ಒಂದು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು ತಡವಾಗಿ ಬಂದರೂ ಆ ಉಪಗ್ರಹ ಮೂವತ್ತು ಮೀಟರ್ ಹೆಚ್ಚು ದೂರದಲ್ಲಿದೆ ಎಂದು ಫೋನು ಬರೆದುಕೊಳ್ಳುತ್ತದೆ.

ಉತ್ತರ ದಕ್ಷಿಣವಾಗಿ ಸಾಗುವ, 22 ಮೀಟರ್ ಅಗಲದ ಒಂದು ರಸ್ತೆಯನ್ನು ತೆಗೆದುಕೊಳ್ಳೋಣ. ಎರಡೂ ಬದಿಗೆ ಸುಮಾರು 28 ಮೀಟರ್ ಎತ್ತರದ, ಅಂದರೆ ಒಂಬತ್ತು ಮಹಡಿಯ ಕಟ್ಟಡಗಳ ಸಾಲಿದೆ. ನೀವು ಪೂರ್ವದ ಫುಟ್‌ಪಾತಿನಲ್ಲಿ, ಬೆನ್ನ ಹಿಂದಿನ ಗೋಡೆಯಿಂದ 2 ಮೀಟರ್ ದೂರದಲ್ಲಿ ನಿಂತಿದ್ದೀರಿ. ಎದುರಿನ ಪಶ್ಚಿಮದ ಗೋಡೆ ನಿಮಗೆ 20 ಮೀಟರ್ ದೂರದಲ್ಲಿದೆ. ಪೂರ್ವ ದಿಕ್ಕಿನಲ್ಲಿ, ದಿಗಂತದಿಂದ 40 ಡಿಗ್ರಿ ಮೇಲೆ ಒಂದು ಉಪಗ್ರಹವಿದೆ. ನಿಮ್ಮ ಬೆನ್ನ ಹಿಂದಿನ ಕಟ್ಟಡ ಅದನ್ನು ಪೂರ್ತಿ ಮರೆಮಾಡಿದೆ. ಆದರೆ ಅದೇ ಉಪಗ್ರಹದ ಸಿಗ್ನಲ್ ನಿಮ್ಮ ತಲೆಯ ಮೇಲೆ, ಆ ಕಟ್ಟಡದ ತಾರಸಿಗಿಂತ ಕೆಲವು ಮೀಟರ್ ಎತ್ತರದಲ್ಲಿ ಹಾದು, ಪಶ್ಚಿಮದ ಕಟ್ಟಡದ ಆರನೆಯ ಮಹಡಿಯ ಆಸುಪಾಸಿನಲ್ಲಿ ಗಾಜಿಗೆ ಬಡಿದು, ಕೆಳಗಿಳಿದು ನಿಮ್ಮ ಕೈಯಲ್ಲಿರುವ ಫೋನನ್ನು ಸೇರುತ್ತದೆ. ಹೀಗೆ ಬಂದ ಸಿಗ್ನಲ್ ನಡೆದ ಹೆಚ್ಚುವರಿ ದಾರಿಯನ್ನು ಹೀಗೆ ಲೆಕ್ಕ ಹಾಕಬಹುದು:

```
ಹೆಚ್ಚುವರಿ ದೂರ = 2 × d × cos(e)
             = 2 × 20 × cos(40°)
             ≈ 30.6 ಮೀಟರ್
```

ಇಲ್ಲಿ `d` ಎಂಬುದು ಪ್ರತಿಫಲಿಸುವ ಗೋಡೆಗೆ ಇರುವ ದೂರ, `e` ಎಂಬುದು ಉಪಗ್ರಹದ ಎತ್ತರ ಕೋನ. ಪೂರ್ವದ ಉಪಗ್ರಹ ವಾಸ್ತವಕ್ಕಿಂತ ಮೂವತ್ತು ಮೀಟರ್ ದೂರದಲ್ಲಿದೆ ಎಂದು ಫೋನು ತಿಳಿದರೆ, ಲೆಕ್ಕ ಸರಿಹೊಂದಬೇಕಾದರೆ ತಾನು ಇನ್ನಷ್ಟು ಪಶ್ಚಿಮಕ್ಕೆ ಇರಬೇಕು ಎಂಬ ತೀರ್ಮಾನಕ್ಕೆ ಬರುತ್ತದೆ. ಹಾಗಾಗಿ ಚುಕ್ಕಿ ಪಶ್ಚಿಮಕ್ಕೆ, ಅಂದರೆ ರಸ್ತೆಯ ಆಚೆ ಬದಿಗೆ ಜಾರುತ್ತದೆ. ಪಶ್ಚಿಮದ ಫುಟ್‌ಪಾತಿನಲ್ಲಿ ನಿಂತವರ ಫೋನು ಪೂರ್ವಕ್ಕೆ ಜಾರುವುದೂ ಇದೇ ಕಾರಣಕ್ಕೆ. ಚುಕ್ಕಿ ಎದುರು ಬದಿಗೇ ಹೋಗುವುದು ಆಕಸ್ಮಿಕವಲ್ಲ, ಜ್ಯಾಮಿತಿಯೇ ಅದನ್ನು ಅತ್ತ ತಳ್ಳುತ್ತದೆ.

ಒಂದು ಉಪಗ್ರಹದ ತಪ್ಪು ಅಷ್ಟು ದೊಡ್ಡ ಪರಿಣಾಮ ಬೀರುವುದೇ ಎಂದು ಕೇಳಬಹುದು. ಬಯಲಿನಲ್ಲಿ ಎಲ್ಲ ದಿಕ್ಕುಗಳಿಂದಲೂ ಹತ್ತಾರು ಉಪಗ್ರಹಗಳು ಕಾಣುವಾಗ ಒಂದರ ತಪ್ಪು ಉಳಿದವುಗಳ ನಡುವೆ ಹಂಚಿಹೋಗುತ್ತದೆ, ಮತ್ತು ಗುಂಪಿಗೆ ಹೊಂದದ ಅಳತೆಯನ್ನು ಫೋನು ಹೊರಗಿಡಲೂ ಬಲ್ಲದು. ಇಲ್ಲಿ ಹಾಗಿಲ್ಲ. ಉತ್ತರ ದಕ್ಷಿಣದ ರಸ್ತೆಯಲ್ಲಿ ಆಕಾಶ ತೆರೆದಿರುವುದು ಉತ್ತರಕ್ಕೆ, ದಕ್ಷಿಣಕ್ಕೆ ಮತ್ತು ನೆತ್ತಿಯ ಮೇಲೆ ಮಾತ್ರ. ರಸ್ತೆಯ ಉದ್ದಕ್ಕೂ ನೀವು ಎಲ್ಲಿದ್ದೀರಿ ಎಂಬುದನ್ನು ಆ ನೇರ ಸಿಗ್ನಲ್‌ಗಳು ಚೆನ್ನಾಗಿಯೇ ಹೇಳುತ್ತವೆ. ಆದರೆ ರಸ್ತೆಯ ಅಡ್ಡಕ್ಕೆ, ಅಂದರೆ ಪೂರ್ವದ ಬದಿಯೋ ಪಶ್ಚಿಮದ ಬದಿಯೋ ಎಂಬುದನ್ನು ಹೇಳಬಲ್ಲ ಉಪಗ್ರಹಗಳು ಪೂರ್ವ ಪಶ್ಚಿಮದಲ್ಲೇ ಇರಬೇಕು; ಅವುಗಳ ಮಾತು ಕೇಳಿಸುವುದೇ ಗೋಡೆಯ ಪ್ರತಿಧ್ವನಿಯಾಗಿ. ಅಡ್ಡ ದಿಕ್ಕಿನ ತೀರ್ಪು ಪೂರ್ತಿಯಾಗಿ ತಪ್ಪು ಸಾಕ್ಷಿಗಳ ಕೈಗೆ ಹೋಗುವುದು ಹೀಗೆ.

ಕಟ್ಟಡ ಎಷ್ಟು ಎತ್ತರ ಎನ್ನುವುದಕ್ಕಿಂತ ಎತ್ತರಕ್ಕೂ ರಸ್ತೆಯ ಅಗಲಕ್ಕೂ ಇರುವ ಅನುಪಾತವೇ ಮುಖ್ಯ. ಹಾಂಗ್‌ಕಾಂಗಿನ ಗಗನಚುಂಬಿಗಳ ನಡುವಿನ ಬೀದಿಗಳು ಈ ದೋಷಕ್ಕೆ ಹೆಸರಾಗಿವೆ, ಸಂಶೋಧಕರು ಪರೀಕ್ಷೆಗೆ ಅಲ್ಲಿಗೇ ಹೋಗುತ್ತಾರೆ. ಆದರೆ ಬೆಂಗಳೂರಿನ ಚಿಕ್ಕಪೇಟೆಯ ಓಣಿಗಳಲ್ಲಿ ನಾಲ್ಕೈದು ಮಹಡಿಯ ಕಟ್ಟಡಗಳೇ ಸಾಕು. ಐದು ಮೀಟರ್ ಅಗಲದ ಓಣಿಯ ನಡುವೆ ನಿಂತು 15 ಮೀಟರ್ ಎತ್ತರದ ಗೋಡೆಗಳನ್ನು ನೋಡಿದರೆ, ಅಡ್ಡ ದಿಕ್ಕಿನಲ್ಲಿ 80 ಡಿಗ್ರಿಗಿಂತ ಕೆಳಗಿನ ಆಕಾಶವೆಲ್ಲ ಮುಚ್ಚಿಹೋಗಿರುತ್ತದೆ. ಅಂಥ ಓಣಿಯಲ್ಲಿ ಒಂದೇ ಸಮಾಧಾನವೆಂದರೆ ಗೋಡೆ ಹತ್ತಿರವಿರುವುದರಿಂದ ಒಂದು ಸಲ ಬಡಿದು ಬರುವ ಸಿಗ್ನಲ್‌ನ ಹೆಚ್ಚುವರಿ ದೂರವೂ ಕಡಿಮೆ. ಅಗಲವಾದ ರಸ್ತೆಯಲ್ಲಿ ತಪ್ಪುವ ಸಂದರ್ಭಗಳು ಕಡಿಮೆ, ತಪ್ಪಿದಾಗ ಮಾತ್ರ ದೊಡ್ಡದಾಗಿ ತಪ್ಪುತ್ತದೆ. ಮಹಾತ್ಮ ಗಾಂಧಿ ರಸ್ತೆಯಂತೆ ನೆತ್ತಿಯ ಮೇಲೆ ಮೆಟ್ರೋ ಮಾರ್ಗ ಹಾದುಹೋಗುವಲ್ಲಿ, ಅದರ ಅಡಿಯಲ್ಲೇ ನಿಂತರೆ ಉಳಿದಿದ್ದ ನೆತ್ತಿಯ ಆಕಾಶವೂ ಕೈತಪ್ಪುತ್ತದೆ.

ಮೊದಲು ಬಯಲಿನಲ್ಲಿ ಪರೀಕ್ಷೆ

ಕಟ್ಟಡಗಳ ಮೇಲೆ ಆರೋಪ ಹೊರಿಸುವ ಮುನ್ನ ಫೋನು ನಿರಪರಾಧಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸುತ್ತ ಮರ, ಕಟ್ಟಡಗಳಿಲ್ಲದ ಆಟದ ಮೈದಾನದಲ್ಲಿ ಅಥವಾ ಸುತ್ತಲಿನ ಎಲ್ಲಕ್ಕಿಂತ ಎತ್ತರವಾದ ತಾರಸಿಯಲ್ಲಿ, ಫೋನಿನ ಪರದೆಯನ್ನು ಆಕಾಶಕ್ಕೆ ಮುಖಮಾಡಿ ಹಿಡಿದು ಎರಡು ನಿಮಿಷ ಕಾಯಿರಿ. ತೆರೆದ ಆಕಾಶದಡಿ ಸ್ಮಾರ್ಟ್‌ಫೋನುಗಳು ಸಾಮಾನ್ಯವಾಗಿ ಸುಮಾರು 5 ಮೀಟರ್ ಒಳಗಿನ ನಿಖರತೆ ಕೊಡುತ್ತವೆ. ಅಲ್ಲಿಯೂ ಚುಕ್ಕಿ ಇಪ್ಪತ್ತು ಮೂವತ್ತು ಮೀಟರ್ ಅಲೆದಾಡುತ್ತಿದ್ದರೆ ಮುಂದಿನ ಭಾಗಗಳನ್ನು ಓದುವ ಅಗತ್ಯವಿಲ್ಲ. ದೋಷ ಫೋನಿನಲ್ಲೋ ಅದರ ಸೆಟ್ಟಿಂಗ್ಸ್‌ನಲ್ಲೋ ಇದೆ. ಲೋಹದ ಹೊರಕವಚವನ್ನು ಅಥವಾ ಹಿಂಬದಿಗೆ ಅಂಟಿಸಿದ ಲೋಹದ ತಗಡನ್ನು ತೆಗೆದು ಮತ್ತೊಮ್ಮೆ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಾಗಿ ಕಾಡುವುದು ಒಂದೇ. ಆಂಡ್ರಾಯ್ಡ್ 12ರಿಂದ ಮತ್ತು ಐಒಎಸ್ 14ರಿಂದ ಈಚೆಗೆ, ಯಾವುದೇ ಆ್ಯಪ್‌ಗೆ ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆ ಬಳಕೆದಾರರಿಗಿದೆ. ಅನುಮತಿ ಕೇಳಿದಾಗ ಅವಸರದಲ್ಲಿ ಅದನ್ನು ಒತ್ತಿದ್ದರೆ ಆ ಆ್ಯಪ್‌ಗೆ ನಿಖರ ಸ್ಥಳ ಸಿಗುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ಲೊಕೇಶನ್ ಅನುಮತಿಯೊಳಗೆ `Use precise location`, ಐಫೋನಿನಲ್ಲಿ `Precise Location` ಆನ್ ಆಗಿರಬೇಕು. ಈ ದೋಷವನ್ನು ಗುರುತಿಸುವುದು ಕಷ್ಟವಲ್ಲ: ತಪ್ಪು ಮೀಟರುಗಳಲ್ಲಿರದೆ ಕಿಲೋಮೀಟರ್ ಪ್ರಮಾಣದಲ್ಲಿರುತ್ತದೆ, ಮತ್ತು ಒಂದು ಆ್ಯಪ್ ತಪ್ಪಿದರೂ ಇನ್ನೊಂದು ಸರಿಯಾಗಿರುತ್ತದೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಆಗಿದ್ದರೆ ಕೆಲವು ಫೋನುಗಳು ಪರದೆ ಆರಿದ ಮೇಲೆ ಸ್ಥಳ ಹುಡುಕುವುದನ್ನು ನಿಲ್ಲಿಸುತ್ತವೆ. ಆಗ ಚುಕ್ಕಿ ಹಿಂದೆಯೇ ಉಳಿದು, ಪರದೆ ಬೆಳಗಿದೊಡನೆ ಮುಂದಕ್ಕೆ ನೆಗೆಯುತ್ತದೆ. ಇದು ನಡೆದ ದಾರಿಯ ಉದ್ದಕ್ಕೆ ಆಗುವ ತಪ್ಪು, ಅಡ್ಡಕ್ಕೆ ಆಗುವುದಲ್ಲ.

ನೀಲಿ ಚುಕ್ಕಿಯಿಂದ ಹೊರಡುವ ಬೆಳಕಿನ ಕೋಲು ತಪ್ಪು ದಿಕ್ಕು ತೋರಿಸುತ್ತಿದೆ ಎಂಬ ದೂರು ಬೇರೆಯದೇ. ನಿಂತಿರುವಾಗ ಅದನ್ನು ನಿರ್ಧರಿಸುವುದು ಫೋನಿನೊಳಗಿನ ದಿಕ್ಸೂಚಿ. ಕಟ್ಟಡದ ಕಬ್ಬಿಣ, ನಿಂತ ವಾಹನ ಅದನ್ನು ಕೆಡಿಸುತ್ತವೆ. ಫೋನನ್ನು ಎಂಟರ ಆಕಾರದಲ್ಲಿ ತಿರುಗಿಸಿದರೆ ಸರಿಯಾಗುವುದು ಈ ದಿಕ್ಸೂಚಿ ಮಾತ್ರ. ಚುಕ್ಕಿಯ ಸ್ಥಳಕ್ಕೂ ಆ ತಿರುಗಿಸುವಿಕೆಗೂ ಯಾವ ಸಂಬಂಧವೂ ಇಲ್ಲ, ಎಷ್ಟೇ ಜನ ಹಾಗೆ ಸಲಹೆ ಕೊಡುತ್ತಿದ್ದರೂ.

ಕಟ್ಟಡದ ದೋಷವೆಂದು ಖಚಿತಪಡಿಸುವ ಬಗೆ

ಬಯಲಿನ ಪರೀಕ್ಷೆಯಲ್ಲಿ ಫೋನು ತೇರ್ಗಡೆಯಾದ ಮೇಲೆ ದೋಷವಿರುವ ಜಾಗಕ್ಕೆ ಬನ್ನಿ. ಆಂಡ್ರಾಯ್ಡ್ ಫೋನಿನಲ್ಲಿ `GPSTest` ಎಂಬ ಉಚಿತ ಆ್ಯಪ್ ಈ ಕೆಲಸಕ್ಕೆ ಸಾಕು. ಐಫೋನು ಉಪಗ್ರಹಗಳ ವಿವರವನ್ನು ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲವಾದ್ದರಿಂದ ಅದರಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಚುಕ್ಕಿ ಜಾರುವ ದಿಕ್ಕನ್ನಷ್ಟೇ ಗಮನಿಸಬೇಕಾಗುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆಗೆ ಉಪಗ್ರಹಗಳ ವಿವರವೂ ಬೇಡ, ಅಂಕಿಗಳು ಸಾಕು. ರಸ್ತೆ ಉತ್ತರ ದಕ್ಷಿಣವಾಗಿದ್ದರೆ ಅಡ್ಡ ದಿಕ್ಕು ಎಂದರೆ ರೇಖಾಂಶ. ಬೆಂಗಳೂರಿನ ಅಕ್ಷಾಂಶದಲ್ಲಿ ರೇಖಾಂಶದ 0.0001 ಡಿಗ್ರಿ ಸುಮಾರು 10.8 ಮೀಟರಿಗೆ ಸಮ. ಒಂದೇ ಕಡೆ ನಿಂತಿರುವಾಗ ಅಕ್ಷಾಂಶದ ಅಂಕಿ ಹೆಚ್ಚು ಬದಲಾಗದೆ, ರೇಖಾಂಶ ಮಾತ್ರ 0.0001, 0.0002 ಡಿಗ್ರಿಗಳಷ್ಟು ಅತ್ತಿತ್ತ ಹೋಗುತ್ತಿದ್ದರೆ ಅದು ಬಹುಮಟ್ಟಿಗೆ ಕಟ್ಟಡಗಳ ಕೆಲಸ. ಎರಡೂ ಸಮನಾಗಿ ಅಲೆಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ರಸ್ತೆ ಪೂರ್ವ ಪಶ್ಚಿಮವಾಗಿದ್ದರೆ ಇದೇ ಮಾತನ್ನು ಅಕ್ಷಾಂಶಕ್ಕೆ ಅನ್ವಯಿಸಿ. ಓರೆಯಾಗಿದ್ದರೆ ಅಂಕಿಗಳನ್ನು ಬಿಟ್ಟು ನಕ್ಷೆಯ ಮೇಲೆ ಚುಕ್ಕಿಯ ಚಲನೆಯನ್ನೇ ನೋಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಏಕೆಂದರೆ ಇದರಲ್ಲಿ ಸುಳ್ಳು ಸಾಕ್ಷಿಯನ್ನು ಕಣ್ಣಾರೆ ಹಿಡಿಯಬಹುದು. ಆ್ಯಪ್‌ನ ಉಪಗ್ರಹಗಳ ಪಟ್ಟಿಯಲ್ಲಿ ಪ್ರತಿಯೊಂದರ ಎತ್ತರ ಕೋನ `Elev` ಎಂದೂ, ದಿಕ್ಕು `Azim` ಎಂದೂ, ಸಿಗ್ನಲ್‌ನ ಬಲ `C/N0` ಎಂದೂ ಇರುತ್ತದೆ. ಸ್ಥಳದ ಲೆಕ್ಕದಲ್ಲಿ ಬಳಕೆಯಾಗುತ್ತಿರುವ ಉಪಗ್ರಹದ ಸಾಲಿನಲ್ಲಿ `U` ಎಂಬ ಗುರುತು ಇರುತ್ತದೆ. ಈಗ ಆಕಾಶದ ನಕ್ಷೆಯನ್ನು ನಿಜವಾದ ಉತ್ತರಕ್ಕೆ ಹೊಂದಿಸಿ ಹಿಡಿಯಿರಿ. ಫೋನಿನ ದಿಕ್ಸೂಚಿಯನ್ನು ನಂಬದೆ, ರಸ್ತೆಯ ದಿಕ್ಕನ್ನು ನಕ್ಷೆಯಲ್ಲಿ ನೋಡಿ ತಿಳಿದು ಅದಕ್ಕೆ ಹೊಂದಿಸುವುದು ಒಳ್ಳೆಯದು. ಮೇಲಿನ ಉದಾಹರಣೆಯ ರಸ್ತೆಯಲ್ಲಿ, ದಿಕ್ಕು 90 ಡಿಗ್ರಿ ಅಂದರೆ ಪೂರ್ವ, ಎತ್ತರ ಕೋನ 40 ಡಿಗ್ರಿ ಎಂದು ಬರೆದಿರುವ ಉಪಗ್ರಹದತ್ತ ತಲೆಯೆತ್ತಿ ನೋಡಿದರೆ ನಿಮಗೆ ಕಾಣುವುದು ಕಾಂಕ್ರೀಟ್ ಗೋಡೆ. ಆದರೂ ಆ ಸಾಲಿನಲ್ಲಿ 25 ಅಥವಾ 30ರ ಸಿಗ್ನಲ್ ಬಲವೂ `U` ಗುರುತೂ ಇದ್ದರೆ, ಅದು ಗೋಡೆ ತೂರಿ ಬಂದದ್ದಂತೂ ಅಲ್ಲ. ಎದುರಿನಿಂದ ಬಡಿದು ಬಂದದ್ದು, ಮತ್ತು ಫೋನು ಅದನ್ನು ನಂಬಿ ಲೆಕ್ಕಕ್ಕೆ ಸೇರಿಸಿಕೊಂಡಿದೆ.

ತೆರೆದ ಆಕಾಶದಲ್ಲಿ ಎತ್ತರದ ಉಪಗ್ರಹದ ಸಿಗ್ನಲ್ ಬಲ 40ರ ಮೇಲಿರುವುದು ಸಾಮಾನ್ಯ. ಬಡಿದು ಬಂದದ್ದು ಹೆಚ್ಚಾಗಿ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಆದರೆ ಬಲವನ್ನಷ್ಟೇ ನೋಡಿ ತೀರ್ಪು ಕೊಡಬಾರದು. ಬಿಸಿಲಿನ ತಾಪ ತಡೆಯಲು ಲೋಹದ ತೆಳುಪದರ ಹಚ್ಚಿದ ಗಾಜು ಸಿಗ್ನಲ್ಲನ್ನು ಬಲವಾಗಿಯೇ ಹಿಂದಕ್ಕೆ ಕಳಿಸುತ್ತದೆ. ಉಪಗ್ರಹದ ಸಿಗ್ನಲ್‌ನ ಅಲೆ ಬಲಗಡೆಗೆ ಸುತ್ತುತ್ತ ಸಾಗುತ್ತದೆ, ಬಡಿದು ಬಂದಾಗ ಆ ಸುತ್ತು ಎಡಗಡೆಗೆ ಬದಲಾಗಿರುತ್ತದೆ. ಸರ್ವೇ ಮಾಡುವವರ ದೊಡ್ಡ ಆಂಟೆನಾಗಳು ಅದನ್ನು ಗುರುತಿಸಿ ಬಹಳ ಮಟ್ಟಿಗೆ ತಳ್ಳಿಹಾಕುತ್ತವೆ. ಫೋನಿನೊಳಗಿನ ಪುಟ್ಟ ಆಂಟೆನಾಗೆ ಆ ವಿವೇಚನೆ ಇಲ್ಲ, ಎರಡನ್ನೂ ಒಂದೇ ರೀತಿ ಸ್ವೀಕರಿಸುತ್ತದೆ. ಫೋನಿಗೂ ಸರ್ವೇ ಉಪಕರಣಕ್ಕೂ ಇರುವ ಬೆಲೆಯ ಅಂತರದಲ್ಲಿ ಈ ಆಂಟೆನಾದ ಪಾಲೂ ಇದೆ.

ನೀಲಿ ಚುಕ್ಕಿಯ ಸುತ್ತಲಿನ ವೃತ್ತ ಚಿಕ್ಕದಾಗಿದೆಯಲ್ಲ ಎಂದು ಸಮಾಧಾನ ಪಡಬೇಡಿ. ಆಂಡ್ರಾಯ್ಡ್ ಕೊಡುವ ನಿಖರತೆಯ ಅಂಕಿ ಒಂದು ಅಂದಾಜು: ನಿಜವಾದ ಸ್ಥಳ ಆ ತ್ರಿಜ್ಯದ ಒಳಗಿರುವ ಸಾಧ್ಯತೆ ಶೇಕಡಾ 68. ತನಗೆ ಸಿಕ್ಕಿರುವ ಸಿಗ್ನಲ್ ಸುತ್ತು ದಾರಿಯಿಂದ ಬಂದಿದೆ ಎಂಬುದೇ ಫೋನಿಗೆ ಗೊತ್ತಿಲ್ಲದಿದ್ದರೆ ಅದು ಆ ತಪ್ಪನ್ನು ಅಂದಾಜಿಗೆ ಸೇರಿಸುವುದಾದರೂ ಹೇಗೆ? ಆದ್ದರಿಂದ 6 ಮೀಟರ್ ಎಂದು ಹೇಳಿಕೊಂಡು 25 ಮೀಟರ್ ತಪ್ಪುವುದು ಇಂಥ ರಸ್ತೆಗಳಲ್ಲಿ ಸಾಧ್ಯ.

ಇನ್ನೊಂದು ಎಚ್ಚರಿಕೆ. ಜಿಪಿಎಸ್ ಉಪಗ್ರಹಗಳು ಒಂದೇ ಜಾಗದಿಂದ ನೋಡುವವರಿಗೆ ಪ್ರತಿದಿನ ಸುಮಾರು ನಾಲ್ಕು ನಿಮಿಷ ಮೊದಲು ಅದೇ ಸ್ಥಾನಕ್ಕೆ ಮರಳುತ್ತವೆ. ನಿನ್ನೆ ಸಂಜೆ ಐದಕ್ಕೆ ತಪ್ಪು ತೋರಿಸಿದ ಮೂಲೆಯಲ್ಲಿ ಇಂದು ಸಂಜೆ ಐದಕ್ಕೆ ಮತ್ತೆ ಪರೀಕ್ಷಿಸಿದರೆ, ಜಿಪಿಎಸ್ ಮಟ್ಟಿಗೆ ಬಹುತೇಕ ಅದೇ ಜ್ಯಾಮಿತಿ, ಬಹುತೇಕ ಅದೇ ತಪ್ಪು. ಎರಡು ದಿನ ಒಂದೇ ಅಂಕಿ ಬಂದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ. ಮರುಪರೀಕ್ಷೆಯನ್ನು ಒಂದೆರಡು ಗಂಟೆ ಹಿಂದೆ ಮುಂದೆ ಮಾಡಬೇಕು.

ಸ್ಥಿರವಾದ ಅಳತೆ ಪಡೆಯುವ ಕ್ರಮ

ಕೆಲಸವನ್ನು ಕಟ್ಟಡಗಳ ಒಳಗೆ ಹೋಗುವ ಮೊದಲೇ ಶುರು ಮಾಡುವುದು ಲಾಭ. ಪ್ರತಿಯೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ, ಮೂವತ್ತು ಸೆಕೆಂಡಿಗೊಮ್ಮೆ ಮರುಕಳಿಸುವಂತೆ ಹೇಳುತ್ತಿರುತ್ತದೆ. ಮೊಬೈಲ್ ಡೇಟಾ ಆನ್ ಆಗಿದ್ದರೆ ಫೋನು ಇದೇ ವಿವರವನ್ನು ಇಂಟರ್ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಡೇಟಾ ಇಲ್ಲದಿದ್ದರೆ ಆಕಾಶದಿಂದಲೇ ಕೇಳಬೇಕು, ಮತ್ತು ಸಿಗ್ನಲ್ ಪದೇ ಪದೇ ಕಡಿಯುವ ರಸ್ತೆಯಲ್ಲಿ ಆ ಮೂವತ್ತು ಸೆಕೆಂಡು ಅಖಂಡವಾಗಿ ಸಿಗುವುದೇ ಕಷ್ಟ. ಆದ್ದರಿಂದ ಹತ್ತಿರದ ಮೈದಾನ, ದೊಡ್ಡ ಸರ್ಕಲ್ ಅಥವಾ ಅಗಲವಾದ ರಸ್ತೆಯಲ್ಲಿ ನಕ್ಷೆಯ ಆ್ಯಪ್ ತೆರೆದು ಒಂದೆರಡು ನಿಮಿಷ ನಿಂತು, ಚುಕ್ಕಿ ಸರಿಯಾದ ಜಾಗ ಹಿಡಿದ ಮೇಲೆ ಪರದೆ ಆರಿಸದೆ ಒಳಗೆ ನಡೆಯಿರಿ. ಈಗಾಗಲೇ ಹಿಡಿದ ಸಿಗ್ನಲ್ಲನ್ನು ಹಿಂಬಾಲಿಸುವುದು ಹೊಸದನ್ನು ಹುಡುಕುವುದಕ್ಕಿಂತ ಫೋನಿಗೆ ಸುಲಭ.

ಒಳಗೆ ಬಂದ ಮೇಲೆ ನಿಲ್ಲುವ ಜಾಗವೇ ಎಲ್ಲಕ್ಕಿಂತ ದೊಡ್ಡ ಔಷಧ. ಗೋಡೆಗೆ ಒರಗಿ ನಿಂತರೆ ಅರ್ಧ ಆಕಾಶ ಮೊದಲೇ ಹೋಯಿತು. ಎರಡು ರಸ್ತೆಗಳು ಕೂಡುವ ಜಾಗದಲ್ಲಿ ನಾಲ್ಕೂ ದಿಕ್ಕಿಗೆ ಆಕಾಶದ ಕಿಂಡಿ ತೆರೆಯುತ್ತದೆ. ನಮ್ಮ ಉದಾಹರಣೆಯ ರಸ್ತೆಗೆ ಅತ್ಯಗತ್ಯವಾಗಿದ್ದ ಪೂರ್ವ ಪಶ್ಚಿಮದ ನೇರ ಸಿಗ್ನಲ್ ಅಲ್ಲಿ ಸಿಗುತ್ತದೆ. ಕಟ್ಟಡಗಳ ಸಾಲಿನಲ್ಲಿ ಖಾಲಿ ಸೈಟು, ತಗ್ಗು ಕಟ್ಟಡ, ಶಾಲೆಯ ಅಂಗಳ ಇದ್ದರೆ ಅದೂ ಆಗಬಹುದು. ಫೋನನ್ನು ಜೇಬಿನಲ್ಲಿಡದೆ, ಎದೆಗೆ ಒತ್ತಿ ಹಿಡಿಯದೆ, ಮೈಯಿಂದ ಸ್ವಲ್ಪ ದೂರ ಚಾಚಿ ಹಿಡಿಯಬೇಕು, ಏಕೆಂದರೆ ಮನುಷ್ಯನ ದೇಹವೂ ಈ ಸಿಗ್ನಲ್ಲನ್ನು ತಡೆಯುತ್ತದೆ. ನೇರ ಸಿಗ್ನಲ್ ತಡೆಯಲ್ಪಟ್ಟು ಬಡಿದು ಬಂದದ್ದು ಮಾತ್ರ ಉಳಿಯುವ ಸ್ಥಿತಿಯನ್ನು ನಾವೇ ತಂದುಕೊಂಡಂತಾಗುತ್ತದೆ.

ಒಂದೇ ಕಡೆ ಐದು ನಿಮಿಷ ನಿಂತು ಸರಾಸರಿ ತೆಗೆಯುವ ಪದ್ಧತಿ ಬಯಲಿನಲ್ಲಿ ಒಳ್ಳೆಯದು, ಇಲ್ಲಿ ಅಷ್ಟಾಗಿ ಫಲಿಸದು. ಸರಾಸರಿ ಕಳೆಯುವುದು ಅತ್ತಿತ್ತ ತೂಗಾಡುವ ತಪ್ಪನ್ನು. ಬಡಿದು ಬಂದ ಸಿಗ್ನಲ್‌ನ ತಪ್ಪು ಒಂದೇ ದಿಕ್ಕಿಗೆ ಇರುತ್ತದೆ, ಉಪಗ್ರಹ ನಿಧಾನವಾಗಿ ಸರಿದಂತೆ ಬಹಳ ನಿಧಾನವಾಗಿ ಬದಲಾಗುತ್ತದೆ. ನಿಂತು ತೆಗೆದ ಸರಾಸರಿ ಸ್ಥಿರವಾದ ತಪ್ಪನ್ನೇ ಕೊಟ್ಟೀತು. ಅದರ ಬದಲು ರಸ್ತೆಯ ಉದ್ದಕ್ಕೆ ಐವತ್ತು ಅರವತ್ತು ಮೀಟರ್ ಸಹಜ ನಡಿಗೆಯಲ್ಲಿ ಹೋಗಿ ಬನ್ನಿ. ಎದುರಿನ ಗೋಡೆಯ ಎತ್ತರ, ಗಾಜು, ಕಟ್ಟಡಗಳ ನಡುವಿನ ಸಂದು ಎಲ್ಲ ಬದಲಾಗುತ್ತ ಹೋದಂತೆ ಸುಳ್ಳು ಸಿಗ್ನಲ್‌ಗಳು ಬಂದು ಮರೆಯಾಗುತ್ತವೆ, ಫೋನಿಗೆ ಅವುಗಳನ್ನು ಬೇರ್ಪಡಿಸಲು ಆಧಾರ ಸಿಗುತ್ತದೆ. ಚಲನೆಯ ವೇಗವನ್ನು ಫೋನು ಆವರ್ತನದ ಪಲ್ಲಟದಿಂದ ಬೇರೆಯಾಗಿಯೇ ಅಳೆಯುವುದರಿಂದ, ನಡೆಯುವಾಗ ಹಠಾತ್ ನೆಗೆತಗಳನ್ನು ಸರಿಪಡಿಸುವುದೂ ಅದಕ್ಕೆ ಸುಲಭ.

ವೈ-ಫೈಗೆ ಸಂಪರ್ಕ ಪಡೆಯದಿದ್ದರೂ ವೈ-ಫೈ ಆನ್ ಇಡಿ. ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿ `Wi-Fi scanning` ಕೂಡ ಆನ್ ಆಗಿರಲಿ. ಸುತ್ತಲಿನ ರೂಟರ್‌ಗಳ ಗುರುತಿನಿಂದ ಫೋನು ಪಡೆಯುವ ಅಂದಾಜು ಜಿಪಿಎಸ್‌ನಷ್ಟು ಸೂಕ್ಷ್ಮವಲ್ಲ, ಆದರೆ ಅದು ಚುಕ್ಕಿಯನ್ನು ಎರಡು ಬೀದಿ ಆಚೆಗೆ ಹೋಗದಂತೆ ಹಿಡಿದಿಡುತ್ತದೆ. ಇದರ ದೌರ್ಬಲ್ಯ ಜಾಗ ಬದಲಿಸಿದ ರೂಟರುಗಳು: ಬೇರೆ ಬಡಾವಣೆಯಿಂದ ಬಂದ ಕಚೇರಿಯೊಂದರ ಹಳೆಯ ರೂಟರು ಚುಕ್ಕಿಯನ್ನು ಕ್ಷಣಕಾಲ ಕಿಲೋಮೀಟರುಗಟ್ಟಲೆ ದೂರಕ್ಕೆ ಒಯ್ಯಬಹುದು. ಹಾಗೆ ಒಂದೇ ಕಟ್ಟಡದ ಮುಂದೆ ಮತ್ತೆ ಮತ್ತೆ ಆಗುತ್ತಿದ್ದರೆ ಆ ಜಾಗದಲ್ಲಿ ಮಾತ್ರ ವೈ-ಫೈ ಆರಿಸಿ ನೋಡಿ.

ಫೋನು ಬದಲಿಸಿದರೆ ಎಷ್ಟು ಪ್ರಯೋಜನ

ಎರಡು ಆವರ್ತನದ ಜಿಪಿಎಸ್ ಇರುವ ಫೋನು ಕೊಂಡರೆ ಈ ದೋಷ ಹೋಗುತ್ತದೆ ಎಂಬ ಪ್ರಚಾರವನ್ನು ಅಳೆದು ನೋಡಬೇಕು. ಬಹುಕಾಲ ಫೋನುಗಳು ಬಳಸಿದ್ದು ಎಲ್1 ಎಂಬ 1575.42 ಮೆಗಾಹರ್ಟ್ಸ್ ಆವರ್ತನವನ್ನು ಮಾತ್ರ. 2018ರಲ್ಲಿ ಶವೋಮಿ ಎಂಐ 8 ಫೋನಿನಿಂದ ಮೊದಲಾಗಿ ಎಲ್5 ಎಂಬ 1176.45 ಮೆಗಾಹರ್ಟ್ಸ್ ಆವರ್ತನವೂ ಜೊತೆಗೂಡಿತು. ಐಫೋನುಗಳಲ್ಲಿ ಅದು ಬಂದದ್ದು 2022ರ 14 ಪ್ರೊ ಮಾದರಿಗಳಿಂದ. ಸಮಯ ಅಳೆಯಲು ಫೋನು ಬಳಸುವ ಉಪಗ್ರಹದ ಸಂಕೇತ ಸಣ್ಣ ತುಣುಕುಗಳ ಸಾಲು. ಎಲ್1ರ ಸಾಮಾನ್ಯ ಸಂಕೇತದ ಒಂದೊಂದು ತುಣುಕೂ ಸುಮಾರು 293 ಮೀಟರ್ ಉದ್ದವಾದರೆ ಎಲ್5ರದು ಅದರ ಹತ್ತನೆಯ ಒಂದು ಭಾಗ. ಹಾಗಾಗಿ ನೇರ ಸಿಗ್ನಲ್ಲೂ ಅದರ ಹಿಂದೆಯೇ ಬಡಿದು ಬಂದದ್ದೂ ಎರಡೂ ತಲುಪಿದಾಗ, ಎಲ್1ರಲ್ಲಿ ಒಂದರೊಳಗೊಂದು ಬೆರೆತು ಹೋಗುವ ಅವೆರಡನ್ನು ಎಲ್5ರಲ್ಲಿ ಹೆಚ್ಚು ಚೆನ್ನಾಗಿ ಬೇರ್ಪಡಿಸಬಹುದು.

ಆದರೆ ನೇರ ಸಿಗ್ನಲ್ ಬರಲೇ ಇಲ್ಲವಾದರೆ ಬೇರ್ಪಡಿಸಲು ಏನಿದೆ? ನಮ್ಮ ಉದಾಹರಣೆಯ ಪೂರ್ವದ ಉಪಗ್ರಹದ ವಿಷಯದಲ್ಲಿ ಎಲ್5 ಕೂಡ ಅದೇ 30.6 ಮೀಟರಿನ ತಪ್ಪನ್ನೇ ಕೊಡುತ್ತದೆ, ಇನ್ನಷ್ಟು ಚೊಕ್ಕವಾಗಿ. ಪರೋಕ್ಷ ಲಾಭ ಇಲ್ಲದಿಲ್ಲ: ಉಳಿದ ಅಳತೆಗಳು ಚೊಕ್ಕವಾದಷ್ಟೂ ಗುಂಪಿಗೆ ಸೇರದ ತಪ್ಪು ಅಳತೆ ಎದ್ದು ಕಾಣುತ್ತದೆ, ಫೋನು ಅದನ್ನು ಹೊರಗಿಡಬಹುದು. ಆದ್ದರಿಂದ ಇಂಥ ಫೋನು ಅಗಲ ರಸ್ತೆಗಳಲ್ಲಿ ಸ್ಪಷ್ಟ ಸುಧಾರಣೆ ತೋರಿಸಿ, ಇಕ್ಕಟ್ಟಿನ ಓಣಿಯಲ್ಲಿ ನಿರಾಸೆಗೊಳಿಸುವುದು ಸಹಜ. ನಿಮ್ಮ ಫೋನಿನಲ್ಲಿ ಈ ಸೌಲಭ್ಯವಿದೆಯೇ ಎಂದು ತಿಳಿಯಲು `GPSTest` ಪಟ್ಟಿಯ `CF` ಎಂಬ ಕಾಲಮ್ಮಿನಲ್ಲಿ `L5` ಅಥವಾ, ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲಿ ಅದೇ ಆವರ್ತನದ ಹೆಸರಾದ `E5a` ಎಂದು ಬರುತ್ತದೆಯೇ ನೋಡಿ.

ಗೋಡೆಗಳ ಸಮಸ್ಯೆಗೆ ಗೋಡೆಗಳನ್ನೇ ಲೆಕ್ಕಕ್ಕೆ ತರುವ ಉಪಾಯ ಹೆಚ್ಚು ನೇರವಾದದ್ದು. ಕಟ್ಟಡಗಳ ಮೂರು ಆಯಾಮದ ಮಾದರಿ ಕೈಯಲ್ಲಿದ್ದರೆ, ಯಾವ ಬದಿಯ ಫುಟ್‌ಪಾತಿನಿಂದ ಯಾವ ಉಪಗ್ರಹ ನೇರವಾಗಿ ಕಾಣಬೇಕು, ಯಾವುದು ಮರೆಯಾಗಿರಬೇಕು ಎಂದು ಲೆಕ್ಕ ಹಾಕಿ ವಾಸ್ತವದ ಸಿಗ್ನಲ್‌ನೊಂದಿಗೆ ಹೋಲಿಸಬಹುದು. ಗೂಗಲ್ 2020ರ ಡಿಸೆಂಬರ್‌ನಲ್ಲಿ ಇಂಥ ತಿದ್ದುಪಡಿಯನ್ನು ಪಿಕ್ಸೆಲ್ ಫೋನುಗಳಿಂದ ಆರಂಭಿಸಿತು. ಇದು ಕೆಲಸ ಮಾಡುವುದು ಜಿಪಿಎಸ್ ಹಾಗೂ ವೈ-ಫೈ ಎಲ್ಲವನ್ನೂ ಬೆರೆಸಿ ಗೂಗಲ್ ಕೊಡುವ ಸ್ಥಳವನ್ನು ಬಳಸುವ ಆ್ಯಪ್‌ಗಳಲ್ಲಿ ಮಾತ್ರ. ನೇರವಾಗಿ ಜಿಪಿಎಸ್ ಚಿಪ್ಪಿನ ಅಂಕಿಯನ್ನೇ ತೋರಿಸುವ ಆ್ಯಪ್‌ನಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಒಂದೇ ಫೋನಿನ ಎರಡು ಆ್ಯಪ್‌ಗಳು ಒಂದೇ ಜಾಗದಲ್ಲಿ ಬೇರೆ ಬೇರೆ ಸ್ಥಳ ತೋರಿಸುವುದಕ್ಕೆ ಇದೂ ಒಂದು ಕಾರಣ. ವಾಹನ ಓಡಿಸುವಾಗ ದಾರಿ ತೋರಿಸುವ ಆ್ಯಪ್‌ಗಳು ಚುಕ್ಕಿಯನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುವುದರಿಂದ ಅಡ್ಡ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಪಕ್ಕದಲ್ಲಿ ಸರ್ವಿಸ್ ರಸ್ತೆ ಇಲ್ಲದಿರುವವರೆಗೆ.

ಅಂಗಡಿಯ ಬಾಗಿಲಿನ ಸ್ಥಳ ಗುರುತಿಸಬೇಕಾದಾಗ

ದಾರಿ ಹುಡುಕುವವರಿಗೆ ಹತ್ತಿಪ್ಪತ್ತು ಮೀಟರಿನ ತಪ್ಪು ಸಹಿಸಬಹುದಾದದ್ದು. ಅಂಗಡಿಯನ್ನು ನಕ್ಷೆಯಲ್ಲಿ ಸೇರಿಸುವವರಿಗೆ, ಡೆಲಿವರಿ ವಿಳಾಸಕ್ಕೆ ಪಿನ್ ಹಾಕುವವರಿಗೆ, ಆಸ್ತಿಯ ಫೋಟೋಗೆ ಸ್ಥಳದ ಮುದ್ರೆ ಒತ್ತಬೇಕಾದವರಿಗೆ ಅದು ಸಾಲದು. ಅಂಥವರು ಬಾಗಿಲಲ್ಲಿ ನಿಂತು ಫೋನಿನೊಂದಿಗೆ ಗುದ್ದಾಡುವುದಕ್ಕಿಂತ ಅಳತೆಯ ಜಾಗವನ್ನೇ ಬದಲಿಸುವುದು ಮೇಲು. ಸುತ್ತಲಿನವುಗಳಿಗಿಂತ ಎತ್ತರದ ಕಟ್ಟಡವಾದರೆ ತಾರಸಿಗೆ ಹೋಗಿ, ಬಾಗಿಲಿನ ನೇರ ಮೇಲೆ, ಮುಂಗೋಡೆಯ ಅಂಚಿನ ಬಳಿ ಸುರಕ್ಷಿತವಾಗಿ ನಿಂತು ಅಳತೆ ತೆಗೆಯಿರಿ. ಅಕ್ಷಾಂಶ ರೇಖಾಂಶಗಳಿಗೆ ಮಹಡಿಯ ಭೇದವಿಲ್ಲ. ತಾರಸಿಗೆ ಹೋಗಲಾಗದಿದ್ದರೆ ಹತ್ತಿರದ ಕೂಡುರಸ್ತೆಯಲ್ಲಿ ಅಳತೆ ತೆಗೆದು, ಅಲ್ಲಿಂದ ಬಾಗಿಲಿನವರೆಗಿನ ದೂರವನ್ನು ಟೇಪಿನಿಂದಲೋ ಹೆಜ್ಜೆಯಿಂದಲೋ ಎಣಿಸಿ, ನಕ್ಷೆಯ ಮೇಲೆ ಅಷ್ಟೇ ದೂರ ಪಿನ್ನನ್ನು ಸರಿಸಿ.

ಪಿನ್ನನ್ನು ಕೈಯಿಂದ ಇಡುವಾಗ ಉಪಗ್ರಹ ಚಿತ್ರದ ಪದರವನ್ನು ಬಳಸಬಹುದು, ಆದರೆ ಎತ್ತರದ ಕಟ್ಟಡದ ತಾರಸಿಯ ಮೇಲೆ ಪಿನ್ ಇಡಬೇಡಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಕಟ್ಟಡಗಳು ಒಂದು ಬದಿಗೆ ವಾಲಿದಂತೆ ಕಾಣುವುದರಿಂದ ತಾರಸಿ ಅದರ ಬುಡದಿಂದ ಹಲವು ಮೀಟರ್ ಸರಿದಿರುತ್ತದೆ. ಗೋಡೆ ನೆಲಕ್ಕೆ ತಾಗುವ ಗೆರೆಯನ್ನು ಹುಡುಕಿ ಅಲ್ಲಿಗೆ ಪಿನ್ ಇಡಬೇಕು. ಸ್ಥಳವನ್ನು ಕೈಯಿಂದ ತಿದ್ದಲು ಬಿಡದ ಆ್ಯಪ್ ಆದರೆ, ಮೇಲೆ ಹೇಳಿದಂತೆ ಬಯಲಿನಲ್ಲಿ ಆರಂಭಿಸಿ, ರಸ್ತೆಯ ಉದ್ದಕ್ಕೆ ನಡೆದು ಬಂದು, ಚುಕ್ಕಿ ಸರಿಯಾದ ಬದಿಯಲ್ಲಿದೆ ಎಂದು ನಕ್ಷೆಯಲ್ಲಿ ಕಣ್ಣಾರೆ ನೋಡಿದ ಕ್ಷಣದಲ್ಲಿ ಫೋಟೋ ತೆಗೆಯಿರಿ. ಆಗಲೂ ಆಚೆ ಬದಿಯನ್ನೇ ತೋರಿಸುತ್ತಿದ್ದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಬನ್ನಿ. ಅಷ್ಟರಲ್ಲಿ ಉಪಗ್ರಹಗಳ ಜೋಡಣೆ ಬದಲಾಗಿ, ಎದುರಿನ ಗೋಡೆಗೆ ಬಡಿದು ಬರುತ್ತಿದ್ದ ಸಿಗ್ನಲ್ ನಿಂತಿರುವ ಸಾಧ್ಯತೆ ಇರುತ್ತದೆ.